ಮಲ್ಲಿಗೆಗಿಂತ ಬೆಳ್ಳಗಾದ ಕಣ್ಣು: ಒಂದು ಮದುವೆ ಫೋಟೋದ ಕಥೆ

"ಎಂತ ಮಾರಾಯ ಇದು, ಅಮ್ಮನೋರಿಗೆ ಬೆಳ್ಳಿ ಕಣ್ಣು ಅಂಟಿಸಿದ ಹಾಗೆ ಉಂಟಲ್ಲ!"

ಮದುಮಗಳ ಅಜ್ಜಿ ಹೇಳಿದ ಮಾತು ಇದು. ತೀರ್ಥಹಳ್ಳಿಯ ನನ್ನ ಸ್ಟುಡಿಯೋದಲ್ಲಿ ಕೂತು, ಆಲ್ಬಮ್ ಪ್ರಿಂಟಿಗೆ ಕಳಿಸುವ ಮೊದಲು ಮನೆಯವರಿಗೆ ಸ್ಕ್ರೀನಿನಲ್ಲಿ ತೋರಿಸುತ್ತಿದ್ದೆ. ಮದುಮಗಳ ತಮ್ಮ "ಸೂಪರ್ ಬಂದಿದೆ ಅಣ್ಣ" ಅಂದಿದ್ದ. ಅಮ್ಮನಿಗೂ ಇಷ್ಟವಾಗಿತ್ತು. ಅಜ್ಜಿ ಮಾತ್ರ ಕನ್ನಡಕ ಸರಿ ಮಾಡಿಕೊಂಡು ಹತ್ತಿರ ಬಂದು ನೋಡಿ ಹಾಗಂದುಬಿಟ್ಟರು. ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಅವರು ಹೋದ ಮೇಲೆ ಫೋಟೋ ಚಿಕ್ಕದು ಮಾಡಿ ದೂರದಿಂದ ನೋಡಿದೆ. ಅಜ್ಜಿ ಹೇಳಿದ್ದು ಪೂರ್ತಿ ಸರಿ. ಮುಖ ಆ ಹುಡುಗಿಯದ್ದೇ, ಕಣ್ಣು ಮಾತ್ರ ಎಲ್ಲಿಂದಲೋ ತಂದು ಕೂರಿಸಿದ ಹಾಗಿತ್ತು.

ಆ ಒಂದು ಫೋಟೋವನ್ನು ಮೊದಲು ಹೇಗೆ ಕೆಡಿಸಿದೆ, ಆಮೇಲೆ ಹೇಗೆ ಸರಿ ಮಾಡಿದೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮದುವೆ ನಡೆದದ್ದು ಹೊಸನಗರದ ಕಡೆ ಒಂದು ಹಳೇ ಮನೆಯಲ್ಲಿ, ಮೇ ತಿಂಗಳಲ್ಲಿ. ಹಿಂದಿನ ಎರಡು ದಿನ ಸಂಜೆ ಗುಡುಗು ಮಳೆ ಹೊಡೆದಿತ್ತು, ಹೋಮಕ್ಕೆ ಇಟ್ಟಿದ್ದ ಹಲಸಿನ ಚಕ್ಕೆ ಹಸಿಯಾಗಿತ್ತು. ಹೊಗೆ ಎಷ್ಟಿತ್ತು ಅಂದರೆ ನನ್ನ ಕ್ಯಾಮೆರಾದ ಫೋಕಸ್ಸೇ ಒದ್ದಾಡುತ್ತಿತ್ತು. ಹುಡುಗಿ ಹಿಂದಿನ ರಾತ್ರಿ ಎರಡು ಗಂಟೆ ಮಲಗಿದ್ದರೆ ಹೆಚ್ಚು. ಅದರ ಮೇಲೆ ಯಾವಾಗಲೂ ಕನ್ನಡಕ ಹಾಕುವವಳು ಮದುವೆಗೆ ಅಂತ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡಿದ್ದಳು. ಹೋಮ ಮುಗಿದ ಮೇಲೆ, ಹನ್ನೊಂದೂವರೆ ಹೊತ್ತಿಗೆ, ಉಪ್ಪರಿಗೆಯ ಕೋಣೆಯಲ್ಲಿ ಕಿಟಕಿ ಪಕ್ಕ ಕೂರಿಸಿ ಒಂಟಿ ಫೋಟೋ ತೆಗೆದೆ. ಬೆಳಕು ಎಡಗಡೆಯಿಂದ, ಕಿಟಕಿಯ ಹೊರಗೆ ಕೆಳಗೆಲ್ಲ ಅಡಿಕೆ ತೋಟ. ಆಲ್ಬಮ್ಮಿನ ಮೊದಲ ಪುಟಕ್ಕೆ ಇದೇ ಅಂತ ಆಗಲೇ ತೀರ್ಮಾನಿಸಿದ್ದೆ. ಆ ತೋಟದ ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತದೆ.

ಫೈಲನ್ನು ಫೋಟೋಶಾಪಿನಲ್ಲಿ ನೂರು ಪರ್ಸೆಂಟಿಗೆ ತೆಗೆದು ನೋಡಿದರೆ ಹೀಗಿತ್ತು. ಒಂದೊಂದು ಕಣ್ಣಿನ ಅಗಲ ಸುಮಾರು 220 ಪಿಕ್ಸೆಲ್. ಹೊರಮೂಲೆಯಿಂದ ಕರಿಗುಡ್ಡೆಯ ಕಡೆಗೆ ಮೂರ್ನಾಲ್ಕು ದಪ್ಪ ಕೆಂಪು ಎಳೆಗಳು, ಅವುಗಳಿಂದ ಕವಲೊಡೆದ ಸಣ್ಣ ಎಳೆಗಳು. ಎಳೆಗಳ ಮಧ್ಯದ ಜಾಗವೂ ಬಿಳಿಯಲ್ಲ, ತೊಳೆದ ಗುಲಾಬಿ ಬಟ್ಟೆಯ ಬಣ್ಣ. ಎಡಗಣ್ಣು ಬಲಗಣ್ಣಿಗಿಂತ ಜಾಸ್ತಿ ಕೆಂಪು. ಕಣ್ಣ ಕೆಳಗೆ ನೀಲಿ ಬೆರೆತ ಕಂದು ನೆರಳು. ಮೇಲಿನ ರೆಪ್ಪೆ ಸ್ವಲ್ಪ ಭಾರವಾಗಿ ಇಳಿದಿತ್ತು. ಅಂದಹಾಗೆ, ಫ್ಲಾಶ್ ಹೊಡೆದಾಗ ಕಣ್ಣಿನ ಪಾಪೆ ಕೆಂಡದ ಹಾಗೆ ಹೊಳೆಯುತ್ತದಲ್ಲ, ಅದು ಬೇರೆ. ಅದು ಒಳಗಿನ ಅಕ್ಷಿಪಟಲದಿಂದ ವಾಪಸ್ ಬರುವ ಬೆಳಕು. ಅದಕ್ಕಿರುವ ರೆಡ್ ಐ ಟೂಲ್ ಇಲ್ಲಿ ಏನೂ ಕೆಲಸ ಮಾಡುವುದಿಲ್ಲ.

ಮೊದಲ ಸಲ ನಾನು ಮಾಡಿದ್ದು ರಾತ್ರಿ ಹನ್ನೊಂದು ಗಂಟೆಗೆ, ನಲವತ್ತು ಫೋಟೋಗಳ ಸಾಲಿನಲ್ಲಿ ಒಂದಾಗಿ. ಕಣ್ಣಿನ ಬಿಳಿ ಭಾಗವನ್ನು ಲಾಸೋ ಟೂಲಿನಲ್ಲಿ ಸುತ್ತು ಹಾಕಿ ಹಿಡಿದೆ. ಬಣ್ಣ ಪೂರ್ತಿ ತೆಗೆದುಬಿಟ್ಟೆ, ಸ್ಯಾಚುರೇಶನ್ -100. ಆಮೇಲೆ ಕರ್ವ್ಸ್ ಎತ್ತಿ ಬೆಳ್ಳಗೆ ಮಾಡಿದೆ. ಕರಿಗುಡ್ಡೆಯನ್ನು ಡಾಡ್ಜ್ ಟೂಲಿನಿಂದ ಸುತ್ತಲೂ ಉಜ್ಜಿ ಬೆಳಗಿಸಿದೆ, ಮೇಲೊಂದು ಶಾರ್ಪನಿಂಗ್. ನಿದ್ದೆಗಣ್ಣು ಅಂತ ಕಾಣಬಾರದು ಎಂದು ಲಿಕ್ವಿಫೈನಲ್ಲಿ ಕಣ್ಣಿನ ಎತ್ತರವನ್ನೂ ಸ್ವಲ್ಪ ಜಾಸ್ತಿ ಮಾಡಿದೆ. ಪ್ರತಿಯೊಂದು ಹೆಜ್ಜೆಯೂ ಆ ಕ್ಷಣಕ್ಕೆ ಚಂದವೇ ಕಂಡಿತ್ತು. ಏಕೆಂದರೆ ನಾನು ಇಡೀ ಹೊತ್ತು 300 ಪರ್ಸೆಂಟ್ ಜೂಮ್ ಮಾಡಿ ಕಣ್ಣನ್ನಷ್ಟೇ ನೋಡುತ್ತಿದ್ದೆ, ಮುಖವನ್ನು ನೋಡಲೇ ಇಲ್ಲ.

ಅಜ್ಜಿ ಹೋದ ಮೇಲೆ ಮೊದಲು ಮಾಡಿದ ಕೆಲಸ ಅಂದರೆ ಅಳತೆ. ಫೋಟೋಶಾಪಿನಲ್ಲಿ ಐಡ್ರಾಪರ್ ಟೂಲ್ ತೆಗೆದು, ಅದರ ಸ್ಯಾಂಪಲ್ ಸೈಜನ್ನು `5 by 5 Average` ಮಾಡಿಕೊಂಡೆ. ಒಂದೇ ಪಿಕ್ಸೆಲ್ ಅಳೆದರೆ ಎಳೆಯ ಮೇಲೆ ಬಿದ್ದರೆ ಒಂದು ಅಂಕಿ, ಪಕ್ಕಕ್ಕೆ ಬಿದ್ದರೆ ಇನ್ನೊಂದು. ಹುಡುಗಿಯ ತಲೆಯಲ್ಲಿ ಮಲ್ಲಿಗೆ ದಂಡೆ ಇತ್ತು, ಕಣ್ಣಿಗೆ ಬಿದ್ದ ಅದೇ ಕಿಟಕಿ ಬೆಳಕು ಅದಕ್ಕೂ ಬಿದ್ದಿತ್ತು. ಮಲ್ಲಿಗೆಯ ಮೇಲೆ ಕೆಂಪು, ಹಸಿರು, ನೀಲಿ ಅಂಕಿಗಳು 208, 207, 196. ನಾನು ತಿದ್ದಿದ ಕಣ್ಣಿನ ಬಿಳಿ 224, 224, 224.

ಮಲ್ಲಿಗೆ ಹೂವಿಗಿಂತ ಕಣ್ಣು ಬೆಳ್ಳಗೆ! ಎಲ್ಲಾದರೂ ಉಂಟಾ?

ಇದೇ ಬೆಳ್ಳಿ ಕಣ್ಣಿನ ಗುಟ್ಟು. ನಾವು "ಕಣ್ಣಿನ ಬಿಳಿ" ಅಂತ ಕರೆಯುತ್ತೇವೆ ನಿಜ, ಆದರೆ ಅದು ಬಿಳಿ ಅಲ್ಲ. ಅದೊಂದು ಒದ್ದೆ ಗುಂಡು, ರೆಪ್ಪೆಯ ಮಾಡಿನ ಕೆಳಗೆ ಕೂತಿರುವಂಥದ್ದು. ನಮ್ಮ ಮಲೆನಾಡಿನ ಜಗಲಿ ಇದ್ದ ಹಾಗೆ, ಅಂಗಳದಲ್ಲಿ ಎಷ್ಟೇ ಬಿಸಿಲಿದ್ದರೂ ಮಾಡಿನ ಅಂಚಿನ ಕೆಳಗೆ ನೆರಳು ಇದ್ದೇ ಇರುತ್ತದೆ. ಗುಂಡಾಗಿರುವುದರಿಂದ ಎರಡೂ ಮೂಲೆಗಳ ಕಡೆ ಹೋಗುತ್ತ ಕಪ್ಪಾಗುತ್ತದೆ. ನಾನು ಲಾಸೋ ಹಾಕಿ ಒಂದೇ ಸಮ ಎತ್ತಿದಾಗ ಆ ನೆರಳೂ ಹೋಯಿತು, ಗುಂಡೂ ಹೋಯಿತು. ಉಳಿದದ್ದು ಚಪ್ಪಟೆ ಬೆಳ್ಳಿ ತಗಡು.

ಎರಡನೇ ಸಲ ಕಚ್ಚಾ ಫೈಲಿನಿಂದಲೇ ಹೊಸದಾಗಿ ಶುರು ಮಾಡಿದೆ. ವೈಟ್ ಬ್ಯಾಲೆನ್ಸ್ ಮೊದಲು ಸರಿ ಮಾಡಿದೆ. ನಾನು ಮುಖ ಬೆಚ್ಚಗೆ ಕಾಣಲಿ ಅಂತ ಇಡೀ ಫೋಟೋವನ್ನು ಕೆಂಪು ಕಡೆಗೆ ತಳ್ಳಿದ್ದೆ, ಅದರಿಂದಲೇ ಕಣ್ಣಿನ ಕೆಂಪು ಇದ್ದದ್ದಕ್ಕಿಂತ ಹೆಚ್ಚು ಕಂಡಿತ್ತು. ಸ್ವಲ್ಪ ಹಿಂದಕ್ಕೆ ತಂದ ಕೂಡಲೇ ಕಾಲು ಭಾಗ ಕೆಲಸ ಸುಮ್ನೆ ಆಗಿಹೋಯಿತು.

ಆಮೇಲೆ ಕಣ್ಣು ಮುಟ್ಟಲಿಲ್ಲ. ಕಣ್ಣಿನ ಕೆಳಗಿನ ನೆರಳಿನಿಂದ ಶುರು. ಮುಖ ದಣಿದ ಹಾಗೆ ಕಾಣುವುದಕ್ಕೆ ಅರ್ಧ ಕಾರಣ ಅದು, ಕಣ್ಣೊಳಗಿನ ಕೆಂಪಲ್ಲ. ಒಂದು ಖಾಲಿ ಲೇಯರ್ ತೆಗೆದು, ಹೀಲಿಂಗ್ ಬ್ರಷ್ಷಿನ ಸ್ಯಾಂಪಲನ್ನು `Current & Below` ಇಟ್ಟು, ಕೆನ್ನೆಯ ಮೇಲ್ಭಾಗದಿಂದ ಚರ್ಮ ತಂದು ನೆರಳಿನ ಮೇಲೆ ಹಾಕಿದೆ. ಪೂರ್ತಿ ಹೋಯಿತು. ಪೂರ್ತಿ ಹೋದರೆ ಹದಿನಾಲ್ಕು ವರ್ಷದ ಹುಡುಗಿ ಹಾಗೆ ಕಾಣುತ್ತಾಳೆ, ಕಣ್ಣ ಕೆಳಗಿನ ಸಹಜ ಉಬ್ಬೂ ಮಾಯ. ಲೇಯರಿನ ಒಪಾಸಿಟಿಯನ್ನು 45ಕ್ಕೆ ಇಳಿಸಿದೆ. ನೆರಳು ಅಲ್ಲೇ ಇದೆ, ದಣಿವು ಕಮ್ಮಿಯಾಗಿದೆ. ಇಷ್ಟಾದ ಮೇಲೆ ಕಣ್ಣು ನೋಡಿದರೆ, ಏನೂ ಮುಟ್ಟದೆಯೇ ಮೊದಲಿಗಿಂತ ಬೆಳಗಿದ ಹಾಗೆ ಕಂಡಿತು. ಮೊದಲ ಸಲ ನಾನು ಇದನ್ನು ಕೊನೆಗೆ ಮಾಡಿದ್ದೆ. ಹಾಗಾಗಿಯೇ ಕಣ್ಣಿಗೆ ಅಷ್ಟು ಸುಣ್ಣ ಬಳಿಯಬೇಕಾಯಿತು.

ಈಗ ಕೆಂಪು ಎಳೆಗಳು. ಫೋಟೋಶಾಪಿನಲ್ಲಿ ಅದೇ ಫೈಲನ್ನು ಎರಡು ಕಿಟಕಿಯಲ್ಲಿ ತೆಗೆದುಕೊಳ್ಳಬಹುದು. ಒಂದರಲ್ಲಿ ನೂರು ಪರ್ಸೆಂಟಿನಲ್ಲಿ ಕೆಲಸ, ಇನ್ನೊಂದರಲ್ಲಿ 25 ಪರ್ಸೆಂಟಿನಲ್ಲಿ ಇಡೀ ಮುಖ. ಬಲಗೈ ಕೆಲಸ ಮಾಡುವಾಗ ನನ್ನ ಕಣ್ಣು ಆಗಾಗ ಚಿಕ್ಕ ಕಿಟಕಿಗೆ ಹೋಗಬೇಕು, ಇದು ಅಭ್ಯಾಸದ ವಿಷಯ. ಎಳೆಗಳಿಗೆ ಹೀಲಿಂಗ್ ಬ್ರಷ್ ಬೇಡ. ಅದು ಸುತ್ತಲಿನ ಬಣ್ಣವನ್ನು ಎಳೆದುಕೊಂಡು ಬೆರೆಸುತ್ತದೆ, ರೆಪ್ಪೆಯ ಅಂಚಿನ ಹತ್ತಿರ ಹೋದರೆ ಕಾಡಿಗೆಯ ಕಪ್ಪನ್ನು ಬಿಳಿಯೊಳಗೆ ಕಲಸಿಬಿಡುತ್ತದೆ. ನಾನು ಬಳಸಿದ್ದು ಕ್ಲೋನ್ ಸ್ಟಾಂಪ್. ಖಾಲಿ ಲೇಯರ್, ಸ್ಯಾಂಪಲ್ ಇಲ್ಲೂ `Current & Below`, ಲೇಯರಿನ ಮೋಡ್ `Lighten`, ಬ್ರಷ್ಷಿನ ಒಪಾಸಿಟಿ 25, ಬ್ರಷ್ 5 ಪಿಕ್ಸೆಲ್, ಮೆತ್ತಗಿನ ಅಂಚು. `Lighten` ಇಟ್ಟರೆ ಏನಾಗುತ್ತದೆ ಅಂದರೆ, ತಂದ ಬಣ್ಣಕ್ಕಿಂತ ಕಪ್ಪಾದ ಜಾಗ ಮಾತ್ರ ಬದಲಾಗುತ್ತದೆ. ಎಳೆ ಕಪ್ಪು, ಪಕ್ಕದ್ದು ತಿಳಿ. ಹಾಗಾಗಿ ಎಳೆ ಮಾತ್ರ ಮಸುಕಾಗುತ್ತದೆ, ಉಳಿದದ್ದು ಹಾಗೇ ಇರುತ್ತದೆ. ಪ್ರತಿ ಎಳೆಯ ಪಕ್ಕದಲ್ಲೇ, ಒಂದೆರಡು ಬ್ರಷ್ಷಿನಷ್ಟು ದೂರದಿಂದ ಆಲ್ಟ್ ಒತ್ತಿ ಬಣ್ಣ ತೆಗೆದುಕೊಂಡು, ಎಳೆಯ ಉದ್ದಕ್ಕೂ ಎರಡು ಮೂರು ಸಲ ಸವರಿದೆ. ದೂರದಿಂದ ತಂದರೆ, ಅಂದರೆ ಮಧ್ಯದ ತಿಳಿ ಜಾಗದಿಂದ ತಂದು ಮೂಲೆಯ ನೆರಳಿಗೆ ಹಾಕಿದರೆ, ಅಲ್ಲೊಂದು ತೇಪೆ ಎದ್ದು ಕಾಣುತ್ತದೆ.

ದಪ್ಪ ಎಳೆಗಳು ಮಾತ್ರ. ಎಡಗಣ್ಣಿನಲ್ಲಿ ನಾಲ್ಕು, ಬಲಗಣ್ಣಿನಲ್ಲಿ ಎರಡು. ಸಣ್ಣವನ್ನು ಮುಟ್ಟಲಿಲ್ಲ. ಒಂದೂ ಎಳೆ ಇಲ್ಲದ ಕಣ್ಣು ಪಿಂಗಾಣಿ ಬಟ್ಟಲಿನ ಹಾಗೆ ಕಾಣುತ್ತದೆ, ಗೊಂಬೆ ಕಣ್ಣು. ಅವಳ ಬಲಗಣ್ಣಿನ ಬಿಳಿಯಲ್ಲಿ ಒಂದು ಚಿಕ್ಕ ಕಂದು ಮಚ್ಚೆಯೂ ಇತ್ತು. ನಮ್ಮ ಮೈಬಣ್ಣದವರಲ್ಲಿ ಇದು ಮಾಮೂಲು. ಮೊದಲ ಸಲ ಅಳಿಸಿಬಿಟ್ಟಿದ್ದೆ, ಈ ಸಲ ಬಿಟ್ಟೆ. ಅದು ಅವಳ ಕಣ್ಣಿನ ಗುರುತು, ದಣಿವಿನದ್ದಲ್ಲ. ಲೆನ್ಸಿನ ಅಂಚು ಕರಿಗುಡ್ಡೆಯ ಹೊರಗೆ ತೆಳ್ಳಗೆ ಒಂದು ಬಳೆ ಹಾಗೆ ಕಾಣುತ್ತಿತ್ತು. ಅದನ್ನೂ ಇದೇ ಕ್ಲೋನ್ ಸ್ಟಾಂಪಿನಿಂದ ತೆಗೆದೆ.

ಎಳೆ ಹೋದ ಮೇಲೂ ಗುಲಾಬಿ ಛಾಯೆ ಉಳಿದಿತ್ತು. ಇದಕ್ಕೆ `Hue/Saturation` ಅಡ್ಜಸ್ಟ್‌ಮೆಂಟ್ ಲೇಯರ್. ಮೇಲಿನ ಪಟ್ಟಿಯಲ್ಲಿ `Master` ಬಿಟ್ಟು `Reds` ಆರಿಸಿ, ಸ್ಯಾಚುರೇಶನ್ ಇಳಿಸಿ, ಲೈಟ್‌ನೆಸ್ ಒಂಚೂರು ಏರಿಸಿದೆ. ಆಮೇಲೆ ಲೇಯರ್ ಎಲ್ಲಿ ಕಾಣಬೇಕು, ಎಲ್ಲಿ ಕಾಣಬಾರದು ಅಂತ ಹೇಳುವ ಮಾಸ್ಕನ್ನು Ctrl+I ಒತ್ತಿ ಕಪ್ಪು ಮಾಡಿ, ಬಿಳಿ ಬಣ್ಣದ ಮೆತ್ತಗಿನ ಬ್ರಷ್ಷಿನಿಂದ, ಫ್ಲೋ 10ರಲ್ಲಿ, ಬೇಕಾದಲ್ಲಿ ಮಾತ್ರ ಸವರುತ್ತ ಹೋದೆ. ಇಲ್ಲಿ ಎರಡು ಜಾಗಕ್ಕೆ ಬ್ರಷ್ ತಾಗಬಾರದು. ಒಂದು, ಕಣ್ಣಿನ ಒಳಮೂಲೆಯಲ್ಲಿರುವ ಗುಲಾಬಿ ಮಾಂಸದ ಗುಂಡು. ಇನ್ನೊಂದು, ಕೆಳರೆಪ್ಪೆಯ ಒದ್ದೆ ಅಂಚು, ಕಾಡಿಗೆ ಹಚ್ಚುವ ಜಾಗ. ಇವೆರಡೂ ಆರೋಗ್ಯವಾಗಿರುವ ಕಣ್ಣಿನಲ್ಲೂ ಗುಲಾಬಿಯೇ. ಇವನ್ನು ಬೂದಿ ಬಣ್ಣ ಮಾಡಿದರೆ, ನೋಡುವವರಿಗೆ ಏನು ತಪ್ಪಾಗಿದೆ ಅಂತ ಹೇಳಲು ಬರುವುದಿಲ್ಲ, ಆದರೆ ಹೆಣದ ಕಣ್ಣು ನೋಡಿದ ಹಾಗೆ ಮೈ ಜುಂ ಅನ್ನುತ್ತದೆ. ನನ್ನ ಮೊದಲ ಪ್ರಯತ್ನದಲ್ಲಿ ಲಾಸೋ ಎರಡನ್ನೂ ನುಂಗಿತ್ತು.

ತೋಟದ ವಿಷಯ ಹೇಳಿದ್ದೆನಲ್ಲ. `Reds` ಅನ್ನು ಮೊದಲು -60ರವರೆಗೆ ಎಳೆದೆ. ಕೆಂಪು ಹೋಯಿತು, ಅದರ ಕೆಳಗಿನಿಂದ ಹಸಿರು ಎದ್ದು ಬಂತು. ತೆಳು ಹಸಿರು, ಕೊಳದ ನೀರಿನ ಬಣ್ಣ. ಎಲ್ಲಿಂದ ಬಂತು ಅಂತ ಹತ್ತು ನಿಮಿಷ ತಲೆ ಕೆರೆದುಕೊಂಡೆ. ಕಣ್ಣು ಒದ್ದೆ, ಎದುರಿಗಿರುವುದನ್ನೆಲ್ಲ ಹಿಡಿದುಕೊಳ್ಳುತ್ತದೆ. ಕಿಟಕಿ ಬೆಳಕಿನ ಜೊತೆ ಕೆಳಗಿನ ಅಡಿಕೆ ಸೋಗೆಯ ಹಸಿರೂ ಬಂದು ಕಣ್ಣಿನ ಮೇಲೆ ಬಿದ್ದಿತ್ತು. ಕೆನ್ನೆಯಲ್ಲಿ ಚರ್ಮದ ಬಣ್ಣ ಅದನ್ನು ನುಂಗಿತ್ತು, ಕಣ್ಣಿನಲ್ಲಿ ರಕ್ತದ ಕೆಂಪು ಅದನ್ನು ಮುಚ್ಚಿಟ್ಟಿತ್ತು. ನಮ್ಮ ಕಡೆ ಮಳೆ ಬಿದ್ದ ಮೇಲೆ ಮನೆಯೊಳಗೆ ಕಿಟಕಿ ಬೆಳಕಿನಲ್ಲಿ ತೆಗೆದ ಫೋಟೋಗಳಲ್ಲಿ ಇದು ತುಂಬಾ ಆಗುತ್ತದೆ, ಈಗ ಮೊದಲೇ ಗಮನಿಸುತ್ತೇನೆ.

ಇದಕ್ಕೆ ಎರಡು ದಾರಿ. ಹಸಿರನ್ನು ಇನ್ನೊಂದು ಲೇಯರ್ ಹಾಕಿ ತೆಗೆಯಬಹುದು. ಇಲ್ಲಾಂದರೆ ಕೆಂಪನ್ನೇ ಸ್ವಲ್ಪ ಉಳಿಸಬಹುದು. ನಾನು ಎರಡನೆಯದನ್ನು ಮಾಡಿದೆ, ಅದೇ ಸುಲಭ, ಅದೇ ಸಹಜ. `Reds` ಅನ್ನು -35ಕ್ಕೆ ವಾಪಸ್ ತಂದೆ, ಲೈಟ್‌ನೆಸ್ +8. ಎಡಗಣ್ಣು ಹೆಚ್ಚು ಕೆಂಪಾಗಿದ್ದರಿಂದ ಮಾಸ್ಕಿನ ಮೇಲೆ ಅಲ್ಲಿ ಎರಡು ಸಲ ಹೆಚ್ಚು ಸವರಿದೆ. ಈಗ ಅಳೆದು ನೋಡಿದೆ. ಮುಟ್ಟುವ ಮೊದಲು ಎಡಗಣ್ಣಿನ ಹೊರಭಾಗದಲ್ಲಿ 186, 150, 143 ಇತ್ತು. ಈಗ 180, 164, 155. ಸರಿಯಾಗಿ ನೋಡಿ, ಮೊದಲ ಅಂಕಿ ಕೆಳಗೆ ಹೋಗಿದೆ, ಉಳಿದೆರಡು ಒಂಚೂರು ಮೇಲೆ ಬಂದಿವೆ. ಒಟ್ಟು ಬೆಳಕು ಹೆಚ್ಚಾದದ್ದು ಅತ್ಯಲ್ಪ. ಮೂರೂ ಅಂಕಿಗಳ ನಡುವಿನ ಅಂತರ ಕಮ್ಮಿಯಾಗಿದೆ, ಅಷ್ಟಕ್ಕೇ ಕಣ್ಣು ಶುಭ್ರ ಅನ್ನಿಸುತ್ತದೆ. ಕೆಂಪು ಇನ್ನೂ ಮುಂದೇ ಇದೆ, ಹಾಗಾಗಿ ಬೆಚ್ಚಗಿದೆ, ಜೀವ ಇದೆ. ಮಲ್ಲಿಗೆಗಿಂತ ಮಬ್ಬಾಗಿಯೂ ಇದೆ. ಮಲ್ಲಿಗೆ ಇಲ್ಲದ ಫೋಟೋದಲ್ಲಿ ಬಿಳಿ ಪಂಚೆಯೋ, ಹಲ್ಲೋ ಅಳತೆಗೆ ಸಿಗುತ್ತದೆ. ನಗುವ ಮುಖದಲ್ಲಿ ಹಲ್ಲಿಗಿಂತ ಕಣ್ಣು ಬೆಳ್ಳಗಿದ್ದರೆ ಅಲ್ಲೇ ನಿಲ್ಲಿಸಬೇಕು.

ನೆರಳು ಉಳಿದಿದೆಯೋ ಇಲ್ಲವೋ ನೋಡಲು ಎಲ್ಲದರ ಮೇಲೆ ಒಂದು `Black & White` ಲೇಯರ್ ಹಾಕಿಕೊಂಡೆ. ಬಣ್ಣ ಹೋದ ಮೇಲೆ ಕಣ್ಣು ಮೋಸ ಹೋಗುವುದಿಲ್ಲ. ಮೇಲುರೆಪ್ಪೆಯ ಕೆಳಗೆ ಕಪ್ಪು ಪಟ್ಟಿ, ಅದು ಕೆಳಗೆ ಬರುತ್ತ ತಿಳಿಯಾಗಬೇಕು, ಮೂಲೆಗಳಿಗೆ ಹೋಗುತ್ತ ಮತ್ತೆ ಕಪ್ಪಾಗಬೇಕು. ಬಲಗಣ್ಣಿನಲ್ಲಿ ಸರಿ ಇತ್ತು. ಎಡಗಣ್ಣಿನಲ್ಲಿ ನಾನು ಎರಡು ಸಲ ಹೆಚ್ಚು ಸವರಿದ್ದರಿಂದ ಹೊರಮೂಲೆಯ ನೆರಳು ಮಾಸಿತ್ತು. ಮಾಸ್ಕಿನ ಮೇಲೆ ಕಪ್ಪು ಬ್ರಷ್ಷಿನಿಂದ ಅಷ್ಟು ಭಾಗ ವಾಪಸ್ ತಂದೆ. ಮೂಲೆಯಲ್ಲಿ ಸ್ವಲ್ಪ ಕೆಂಪು ವಾಪಸ್ ಬಂತು. ಬರಲಿ ಬಿಡಿ, ನೆರಳು ಮುಖ್ಯ.

ಇನ್ನು ಕರಿಗುಡ್ಡೆ. ನಿಸ್ತೇಜ ಅಂತ ಕಾಣುವ ಕಣ್ಣಿಗೆ ಎಲ್ಲರೂ ಕೈ ಹಾಕುವುದು ಇಲ್ಲಿಗೇ. ನಮ್ಮವರ ಕಣ್ಣು ಗಾಢ ಕಂದು. ಇದನ್ನು ಸುತ್ತಲೂ ಒಂದೇ ಸಮ ಬೆಳಗಿಸಿದರೆ ಜೇನಿನ ಬಣ್ಣ ಬರುತ್ತದೆ, ಜನ "ಇವಳದ್ದು ಬೆಕ್ಕಿನ ಕಣ್ಣಾ?" ಅಂತಾರೆ. ನಿಜವಾದ ಕಣ್ಣಿನಲ್ಲಿ ಬೆಳಕು ಒಂದು ಕಡೆಯಿಂದ ಒಳಗೆ ಹೋಗಿ, ಮುಂದಿನ ಪಾರದರ್ಶಕ ಗುಮ್ಮಟದಲ್ಲಿ ಬಾಗಿ, ಎದುರು ಕಡೆಯ ಕಂದು ಭಾಗವನ್ನು ಬೆಳಗುತ್ತದೆ. ಅಂದರೆ ಹೊಳಪಿನ ಚುಕ್ಕೆ ಎಲ್ಲಿದೆಯೋ ಅದರ ಎದುರು ದಿಕ್ಕಿನಲ್ಲಿ ಕಂದು ತಿಳಿಯಾಗಿರುತ್ತದೆ. ನನ್ನ ಫೋಟೋದಲ್ಲಿ ಕಿಟಕಿಯ ಹೊಳಪು, ಗಡಿಯಾರದ ಲೆಕ್ಕದಲ್ಲಿ, ಹತ್ತು ಗಂಟೆಯ ಜಾಗದಲ್ಲಿತ್ತು. ಹಾಗಾಗಿ ನಾಲ್ಕು ಗಂಟೆಯ ಜಾಗದಲ್ಲಿ, ಒಂದು ಚೌತಿ ಚಂದ್ರನಷ್ಟು ಅಗಲದ ತುಣುಕನ್ನು ಮಾತ್ರ ಎತ್ತಿದೆ. ಕರ್ವ್ಸ್ ಲೇಯರಿನಲ್ಲಿ 45 ಇದ್ದದ್ದು 58 ಆಗುವ ಹಾಗೆ, ಅಷ್ಟೇ. ಮಧ್ಯದ ಪಾಪೆ ಕಪ್ಪಾಗಿಯೇ ಉಳಿಯಬೇಕು. ಕಂದಿನ ಹೊರ ಅಂಚಿನಲ್ಲಿ ಒಂದು ಗಾಢ ಉಂಗುರ ಇರುತ್ತದೆ, ಅದೂ ಉಳಿಯಬೇಕು. ಆ ಉಂಗುರ ಬಿಳಿಯ ಜೊತೆ ಮೆತ್ತಗೆ ಬೆರೆತಿರುತ್ತದೆ, ಶಾರ್ಪನಿಂಗ್ ಹಾಕಿದರೆ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಹಾಗಾಗಿ ಕಣ್ಣಿಗೆ ಬೇರೆ ಶಾರ್ಪನಿಂಗ್ ಹಾಕಲೇ ಇಲ್ಲ.

ಹೊಳಪಿನ ಚುಕ್ಕೆಯನ್ನು ನಾನು ಮುಟ್ಟಲಿಲ್ಲ. ಅದರೊಳಗೆ ಕಿಟಕಿಯ ಮೂರು ಮರದ ಸರಳುಗಳು ಕೂಡ ಕಾಣುತ್ತಿದ್ದವು. ಕೆಲವರು ಇದನ್ನು ಅಳಿಸಿ ದುಂಡಗಿನ ಬಿಳಿ ಚುಕ್ಕೆ ಇಡುತ್ತಾರೆ, ಎರಡೂ ಕಣ್ಣಿಗೂ ಒಂದೇ ಜಾಗದಲ್ಲಿ, ಒಂದೇ ಅಳತೆಯಲ್ಲಿ. ಗಾಜಿನ ಗೋಲಿ ಬೇಕು ಅಂದರೆ ಅದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಕೊನೆಯದ್ದು ರೆಪ್ಪೆ. ಮೊದಲ ಸಲ ಮಾಡಿದ ತಪ್ಪುಗಳಲ್ಲಿ ಅತಿ ಕೆಟ್ಟದ್ದು ಇದೇ ಅಂತ ಈಗ ಅನ್ನಿಸುತ್ತದೆ. ಸುಮ್ಮನೆ ಕೂತ ಮನುಷ್ಯನ ಮೇಲುರೆಪ್ಪೆ ಕರಿಗುಡ್ಡೆಯ ಮೇಲಂಚನ್ನು ಒಂದೆರಡು ಮಿಲಿಮೀಟರ್ ಮುಚ್ಚಿರುತ್ತದೆ. ಕನ್ನಡಿಯಲ್ಲಿ ನೋಡಿಕೊಳ್ಳಿ. ಆ ಮುಚ್ಚಿಗೆ ಹೋಗಿ, ಕರಿಗುಡ್ಡೆಯ ಮೇಲೆ ಬಿಳಿ ಕಾಣಿಸಿತು ಅಂದರೆ, ಎದುರಿಗೆ ಹಾವು ಕಂಡ ಮುಖ ಆಗುತ್ತದೆ. ನಾನು ಲಿಕ್ವಿಫೈನಲ್ಲಿ ಎತ್ತರ ಜಾಸ್ತಿ ಮಾಡಿದಾಗ ರೆಪ್ಪೆ ಸರಿಯಾಗಿ ಕರಿಗುಡ್ಡೆಯ ಅಂಚಿಗೆ ಬಂದು ನಿಂತಿತ್ತು. ಅಜ್ಜಿಗೆ ಕಂಡ ದೇವಿಯ ನೋಟಕ್ಕೆ ಬಿಳಿಯಷ್ಟೇ ಅಲ್ಲ, ಇದೂ ಕಾರಣ. ಈ ಸಲ ಲಿಕ್ವಿಫೈ ತೆಗೆಯಲೇ ಇಲ್ಲ. ರೆಪ್ಪೆ ಭಾರವಾಗಿಯೇ ಇರಲಿ. ನಿದ್ದೆಗೆಟ್ಟ ಮದುಮಗಳ ರೆಪ್ಪೆ ಹಾಗೇ ಇರುತ್ತದೆ. ರೆಪ್ಪೆ ತೀರಾ ಇಳಿದಿದ್ದರೆ ಅದಕ್ಕೆ ಎಡಿಟಿಂಗಿನಲ್ಲಿ ಮದ್ದಿಲ್ಲ, ಅದರ ಹಿಂದೆ ಮುಂದೆ ತೆಗೆದ ಇನ್ನೊಂದು ಫೋಟೋ ಹುಡುಕಬೇಕು. ಅದಕ್ಕೇ ಒಂದೇ ಭಂಗಿಯಲ್ಲಿ ಆರೇಳು ಕ್ಲಿಕ್ ಮಾಡುವುದು.

ಎಲ್ಲ ಕಣ್ಣಿನ ಲೇಯರ್‌ಗಳನ್ನು ಒಂದು ಗ್ರೂಪಿಗೆ ಹಾಕಿ, ಫೈಲ್ ಮುಚ್ಚಿ ಊಟಕ್ಕೆ ಹೋದೆ. ವಾಪಸ್ ಬಂದು ಫೋಟೋವನ್ನು ಎಡಬಲ ತಿರುಗಿಸಿ ನೋಡಿದೆ. ಇನ್ನೂ ಒಂಚೂರು ಜಾಸ್ತಿ ಅನ್ನಿಸಿತು. ಗ್ರೂಪಿನ ಒಪಾಸಿಟಿ 80. ಆಮೇಲೆ ಒಂದು 4x6 ಪ್ರಿಂಟ್ ತೆಗೆದೆ. ನನ್ನ ಸ್ಕ್ರೀನ್ ಬೆಳಕು ಹೆಚ್ಚಿಟ್ಟ ಸ್ಕ್ರೀನ್, ಕಾಗದದಲ್ಲಿ ಎಲ್ಲವೂ ಒಂದು ಮೆಟ್ಟಿಲು ಮಬ್ಬು ಬರುತ್ತದೆ. ಮಬ್ಬಾದ ಮುಖದಲ್ಲಿ ಅತಿ ಬೆಳ್ಳಗಿರುವ ಜಾಗ ಇನ್ನೂ ಎದ್ದು ಕಾಣುತ್ತದೆ, ಸ್ಕ್ರೀನಿನಲ್ಲಿ ಪಾಸಾದ ಕಣ್ಣು ಆಲ್ಬಮ್ಮಿನಲ್ಲಿ ಫೇಲಾಗುವುದು ಇದಕ್ಕೇ. ಪ್ರಿಂಟನ್ನು ಕೌಂಟರಿನ ಮೇಲಿಟ್ಟು ಬಾಗಿಲ ಹತ್ತಿರ ನಿಂತು ನೋಡಿದೆ. ಮೊದಲು ಕಂಡದ್ದು ನಗು, ಆಮೇಲೆ ಮಲ್ಲಿಗೆ. ಕಣ್ಣು ಮೂರನೆಯದು. ಸರಿ ಅಂದುಕೊಂಡೆ.

ಅದೇ ಆಲ್ಬಮ್ಮಿನಲ್ಲಿ ಹೆಣ್ಣು ಒಪ್ಪಿಸುವ ಫೋಟೋ ಇತ್ತು. ಅಪ್ಪ ಮಗಳ ಕೈಯನ್ನು ಅಳಿಯನ ಮನೆಯವರ ಕೈಗೆ ಇಡುತ್ತಿದ್ದಾರೆ, ಇಬ್ಬರ ಕಣ್ಣೂ ಕೆಂಡದಂತಿವೆ. ಸ್ಟುಡಿಯೋದಲ್ಲಿ ಕೆಲಸ ಮಾಡುವ ಹುಡುಗ ಅದನ್ನೂ ಸಾಲಿನಲ್ಲಿ ಹಾಕಿ ಬಿಳಿ ಮಾಡಿಟ್ಟಿದ್ದ. ಅತ್ತ ಮುಖ, ಒದ್ದೆ ಕೆನ್ನೆ, ಮೂಗಿನ ತುದಿ ಕೆಂಪು, ಕಣ್ಣು ಮಾತ್ರ ಜಾಹೀರಾತಿನದ್ದು. ಎಲ್ಲ ತೆಗೆದು ಮೂಲ ಫೋಟೋವನ್ನೇ ಇಟ್ಟೆ. ಅಲ್ಲಿ ಕೆಂಪೇ ಫೋಟೋ.

ತೆಗೆಯುವಾಗಲೇ ಏನಾದರೂ ಮಾಡಬಹುದಿತ್ತಾ ಅಂದರೆ, ಹೌದು. ಹೋಮದಿಂದ ಎದ್ದ ಕೂಡಲೇ ಕೂರಿಸಿದ್ದು ನನ್ನ ತಪ್ಪು. ತಣ್ಣೀರಿನ ಬಟ್ಟೆ ಮುಚ್ಚಿದ ಕಣ್ಣಿನ ಮೇಲೆ ಹತ್ತು ನಿಮಿಷ ಇಟ್ಟು, ಹೊಗೆ ಇಲ್ಲದ ಕಡೆ ಕೂರಿಸಿ ಒಂದು ಲೋಟ ಮಜ್ಜಿಗೆ ಕುಡಿಸಿದ್ದರೆ ಕೆಂಪು ಸ್ವಲ್ಪ ಇಳಿಯುತ್ತಿತ್ತೇನೋ. ಕೆಲವು ಫೋಟೋಗ್ರಾಫರುಗಳು ಕೆಂಪು ತೆಗೆಯುವ ಡ್ರಾಪ್ಸ್ ಬ್ಯಾಗಿನಲ್ಲೇ ಇಟ್ಟುಕೊಂಡಿರುತ್ತಾರೆ. ನಾನು ಇಟ್ಟುಕೊಳ್ಳುವುದಿಲ್ಲ. ಅಂಥ ಡ್ರಾಪ್ಸ್ ರಕ್ತನಾಳಗಳನ್ನು ಕುಗ್ಗಿಸಿ ಸ್ವಲ್ಪ ಹೊತ್ತು ಬಿಳಿ ಮಾಡುತ್ತವೆ, ಮತ್ತೆ ಮತ್ತೆ ಹಾಕುತ್ತಿದ್ದರೆ ಔಷಧಿ ಇಳಿದ ಮೇಲೆ ಕೆಂಪು ಇನ್ನೂ ಜಾಸ್ತಿಯಾಗಿ ವಾಪಸ್ ಬರುತ್ತದೆ. ಲೆನ್ಸ್ ಹಾಕಿದ ಕಣ್ಣಿಗೆ ನಮ್ಮಂಥವರು ಏನನ್ನೂ ಬಿಡಲೇಬಾರದು. ಎಡಗಣ್ಣೇ ಯಾಕೆ ಜಾಸ್ತಿ ಕೆಂಪು ಅಂತ ಅನುಮಾನ ಬಂದು ಅವಳಿಗೆ ಫೋನ್ ಮಾಡಿ ಕೇಳಿದ್ದೆ. ಹಿಂದಿನ ಸಂಜೆ ಹಾಕಿದ ಲೆನ್ಸನ್ನು ಮಲಗುವಾಗಲೂ ತೆಗೆದಿರಲಿಲ್ಲವಂತೆ, ಮದುವೆ ಮುಗಿದ ಮೇಲೆ ನೋವು ಶುರುವಾಗಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದಿದ್ದಳು. ಈಗ ಒಂದೇ ಕಣ್ಣು ಕೆಂಪಾಗಿದ್ದು ನೋವೂ ಇದೆ ಅಂದರೆ, ಮೊದಲು ಲೆನ್ಸ್ ತೆಗೆಯಿರಿ, ಡಾಕ್ಟರಿಗೆ ತೋರಿಸಿ, ಫೋಟೋ ಕನ್ನಡಕದಲ್ಲೇ ತೆಗೆಯೋಣ ಅಂತೇನೆ.

ವಾರ ಬಿಟ್ಟು ಅಜ್ಜಿ ಮತ್ತೆ ಬಂದರು, ಸಂತೆಗೆ ಬಂದವರು ಹಾಗೇ. ಹೊಸ ಪ್ರಿಂಟ್ ಕೈಗೆ ಕೊಟ್ಟೆ. ತುಂಬಾ ಹೊತ್ತು ನೋಡಿದರು. "ಪಾಪ, ನಿದ್ದೆ ಇಲ್ಲ ಕೂಸಿಗೆ" ಅಂದರು. ಕಣ್ಣಿನ ಬಗ್ಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಒಂದು ಎಡವಟ್ಟು ಮಾತ್ರ ಉಳಿದಿದೆ. ಗಂಡಿನ ಕಡೆಯವರು ಅವಸರ ಮಾಡಿದ್ದರಿಂದ ಮೊದಲನೇ ಸಲದ್ದನ್ನೇ 12x18 ಪ್ರಿಂಟ್ ಹಾಕಿ ಫ್ರೇಮ್ ಕಟ್ಟಿಸಿ ಕಳಿಸಿಬಿಟ್ಟಿದ್ದೆ. ಸಾಗರದಲ್ಲಿ ಅವರ ನಡುಮನೆಯ ಗೋಡೆಯ ಮೇಲೆ ಅದು ತೂಗುತ್ತಿದೆ. ಬದಲಾಯಿಸಿ ಕೊಡುತ್ತೇನೆ ಅಂತ ಎರಡು ಸಲ ಫೋನ್ ಮಾಡಿದೆ. "ಬೇಡ ಬಿಡಿ, ಚಂದ ಉಂಟು, ಯಾವ ಮೂಲೆಯಲ್ಲಿ ಕೂತರೂ ಸೊಸೆ ನಮ್ಮನ್ನೇ ನೋಡಿದ ಹಾಗೆ ಆಗ್ತದೆ" ಅಂದರು ಅತ್ತೆ.